ನನ್ನ ಹತ್ರ ಇದ್ದಿದ್ದು ಬರೀ 22 ಪುಟ

(1)

ಮೊದಲನೇ ಫೋಟೋ ನೋಡಿದ್ರಾ? ಟೈಪ್ ಮಾಡಿದ ಎರಡು ಹಾಳೆ, ಮಧ್ಯೆ ಒಂದು ಸಾಲಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದೆ. ಜೂಮ್ ಮಾಡಿದ್ರೆ ಓದ್ಬಹುದು: "ಈ ವರದಿಯಲ್ಲಿ ಕೃಷಿಗೆ ಸಂಬಂಧಿಸಿದ ಶಿಫಾರಸುಗಳಿಲ್ಲ."

ಆ ಸಾಲು ಬರೆದಿದ್ದು ನಾನೇ. ಸುತ್ತು ಹಾಕಿದ್ದು ನಮ್ಮ ಮೇಡಂ. ಆ ಸಾಲನ್ನ ನಂಬಿ ಊರಲ್ಲಿ ನಾಲ್ಕು ಜನರ ಮುಂದೆ ಮಾತಾಡಿ ಮುಖ ಕೆಂಪು ಮಾಡ್ಕೊಂಡಿದ್ದು ನಮ್ಮ ದೊಡ್ಡಪ್ಪ.

ಪರೀಕ್ಷೆ ಹತ್ರ ಬಂತು, ಕ್ಲಾಸ್ ಗ್ರೂಪ್‌ನಲ್ಲಿ ದಿನಾ ಯಾರಾದ್ರೂ "ಈ ರಿಪೋರ್ಟ್‌ದು ಸಮರಿ ಇದ್ರೆ ಹಾಕ್ರೋ" ಅಂತ ಕೇಳ್ತಾನೇ ಇದ್ದೀರಿ. ಹಾಕೋರೂ ಹಾಕ್ತಾ ಇದ್ದೀರಿ. ಅದನ್ನ ನೋಡಿ ಇದನ್ನ ಬರೆಯೋಣ ಅನ್ನಿಸ್ತು. ಒಂದು ಕ್ಯಾಪ್ಶನ್‌ನಲ್ಲಿ ಮುಗಿಯಲ್ಲ, ಹಾಗಾಗಿ ಸರಣಿ. ಒಂದೊಂದೇ ಓದ್ಕೊಂಡು ಬನ್ನಿ.

(2)

ವಿಷಯ ಪಶ್ಚಿಮ ಘಟ್ಟದ್ದು. ನಿಮ್ಮಲ್ಲಿ ಮಲೆನಾಡಿನೋರಿಗೆ "ಗಾಡ್ಗೀಳ್ ವರದಿ" ಅಂದ್ರೆ ಸಾಕು, ಮನೇಲಿ ಜಗಳ ಕೇಳಿರ್ತೀರಿ. ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ತೀನಿ. ಕೇಂದ್ರದ ಪರಿಸರ ಮತ್ತು ಅರಣ್ಯ ಸಚಿವಾಲಯ 2010ರಲ್ಲಿ ಮಾಧವ ಗಾಡ್ಗೀಳ್ ಅಧ್ಯಕ್ಷತೆಯಲ್ಲಿ ಪಶ್ಚಿಮ ಘಟ್ಟಗಳ ಬಗ್ಗೆ ಒಂದು ತಜ್ಞರ ಸಮಿತಿ ಮಾಡ್ತು. ಸಮಿತಿ 2011ರ ಆಗಸ್ಟ್ ಕೊನೇಲಿ ವರದಿ ಕೊಡ್ತು. ವರದಿ ಜನರ ಕೈಗೆ ಬಂದಿದ್ದು ಮಾತ್ರ 2012ರಲ್ಲಿ. ಇಂಗ್ಲಿಷಲ್ಲಿದೆ, ಎರಡು ಭಾಗ ಇದೆ, ದಪ್ಪ ಇದೆ. ಈ "ಎರಡು ಭಾಗ" ಅನ್ನೋದನ್ನ ನೆನಪಲ್ಲಿ ಇಟ್ಕೊಳ್ಳಿ, ನಾನು ಎಡವಿದ್ದು ಅಲ್ಲೇ.

ನಮ್ಮ ಮೇಡಂ ಸೆಮಿನಾರಿಗೆ ಅಂತ ಒಬ್ಬೊಬ್ಬರಿಗೆ ಒಂದೊಂದು ವರದಿ ಹಂಚಿದ್ರು. ಎರಡು ಪುಟದ ಕನ್ನಡ ಸಾರಾಂಶ, ಊರಿನೋರಿಗೆ ಓದಿ ಹೇಳೋ ಥರ ಇರಬೇಕು ಅಂದ್ರು. ನಮ್ಮೂರು ಸಕಲೇಶಪುರದ ಕಡೆ, ಕಾಫಿ, ಮೆಣಸು. ಹಾಗಾಗಿ ಇದು ನಂಗೇ ಬಂತು.

ಪಿಡಿಎಫ್ ಒಬ್ಬ ಫ್ರೆಂಡ್ ಹತ್ರ ಇತ್ತು. ಅವನೂರಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೇ. ದೊಡ್ಡ ಫೈಲ್ ಹೋಗಲ್ಲ ಅಂತ ಅವನು ಅದನ್ನ ತುಂಡು ತುಂಡು ಮಾಡಿ ಒಂದೊಂದೇ ಮೇಲ್ ಮಾಡಿದ್ದ. ಮೊದಲನೇ ತುಂಡು ನಂಗೆ ಬಂತು. ಉಳಿದವು ಅವನ ಔಟ್‌ಬಾಕ್ಸಲ್ಲೇ ಕೂತಿದ್ವು, ಅದು ಅವನಿಗೂ ಗೊತ್ತಿರಲಿಲ್ಲ. ಬಂದ ಫೈಲಿನ ಹೆಸರು WGEEP_1.pdf.

ನಾನೇನಂದ್ಕೊಂಡೆ? ವರದೀಲಿ ಎರಡು ಭಾಗ ಇದೆ, ಇದು ಒಂದನೇ ಭಾಗ. ಮುಖಪುಟದ ಮೇಲೂ ಒಂದನೇ ಭಾಗ ಅಂತಲೇ ಇದೆ. ಸರಿ ಹೋಯ್ತು! 22 ಪುಟ. "ಪರವಾಗಿಲ್ವೇ, ಎಲ್ರೂ ಹೆದರಿಸಿದಷ್ಟು ಉದ್ದ ಇಲ್ಲ" ಅಂತ ಖುಷೀನೂ ಪಟ್ಟೆ.

ಬೈಬೇಡಿ. ನಿಮ್ಮ ಡೌನ್‌ಲೋಡ್ ಫೋಲ್ಡರ್ ತೆಗೆದು ನೋಡಿದ್ರೆ ಇಂಥ ಹೆಸರಿನ ಫೈಲ್ ಹತ್ತು ಸಿಗುತ್ತೆ.

(3)

ಆ 22 ಪುಟದಲ್ಲಿ ಏನೇನಿತ್ತು ಅಂತ ಹೇಳ್ಬೇಕು, ಯಾಕಂದ್ರೆ ಮೋಸ ಹೋಗೋದು ಅಲ್ಲೇ. ಅರ್ಧ ಬಂದ ಫೈಲ್ ಖಾಲಿ ಖಾಲಿ ಕಂಡ್ರೆ ಯಾರಿಗಾದ್ರೂ ಅನುಮಾನ ಬರುತ್ತೆ. ಇದು ಹಾಗಿರಲಿಲ್ಲ. ಮುನ್ನುಡಿ ಇತ್ತು. ವಿಷಯಸೂಚಿ ಇತ್ತು. ಸಂಕ್ಷಿಪ್ತ ರೂಪಗಳ ಪಟ್ಟಿ ಇತ್ತು. ಸಮಿತಿಯವರೇ ಬರೆದ ಸಾರಾಂಶದ ಪುಟಗಳಿದ್ವು.

ಆ ಸಾರಾಂಶದ ಮೊದಲ ಮಾತೇ ದೊಡ್ಡದು. ಇಡೀ ಪಶ್ಚಿಮ ಘಟ್ಟವನ್ನ ಪರಿಸರ ಸೂಕ್ಷ್ಮ ಪ್ರದೇಶ ಅಂತ ಪರಿಗಣಿಸಬೇಕು, ಅದರೊಳಗೆ ಮೂರು ಹಂತದ ವಲಯ ಮಾಡಬೇಕು ಅನ್ನುತ್ತೆ. ವಲಯ 1 ಅತಿ ಸೂಕ್ಷ್ಮ, ಆಮೇಲೆ 2, ಆಮೇಲೆ 3. ವಲಯ 1ರಲ್ಲಿ ನೀರು ನಿಲ್ಲಿಸೋ ದೊಡ್ಡ ಹೊಸ ಅಣೆಕಟ್ಟು ಬೇಡ. ಕೇರಳದ ಅತಿರಪ್ಪಿಳ್ಳಿ ಯೋಜನೆಗೂ ನಮ್ಮ ಕಡೆಯ ಗುಂಡ್ಯ ಜಲವಿದ್ಯುತ್ ಯೋಜನೆಗೂ ಪರಿಸರ ಅನುಮತಿ ಕೊಡಬಾರದು. ಗುಂಡ್ಯ ಅಂದ ತಕ್ಷಣ ನಂಗೆ ರೋಮಾಂಚನ, ನಮ್ಮೂರಿನ ಹೆಸರು ಓದಿದ ಹಾಗೆ. ಗಣಿ, ಅಣೆಕಟ್ಟು, ಪ್ರಾಧಿಕಾರ ಅಂತ ಎಲ್ಲಾ ದೊಡ್ಡ ದೊಡ್ಡ ವಿಷಯ. ಔಷಧಿ, ಗೊಬ್ಬರ, ಇಳಿಜಾರಿನ ಬೆಳೆ, ಇವ್ಯಾವೂ ನಂಗೆ ಬಂದ ಪುಟಗಳಲ್ಲಿ ಕಣ್ಣಿಗೆ ಬೀಳಲಿಲ್ಲ.

ಹಾಗಾಗಿ ಬರೆದೆ. ಮುಖ್ಯವಾಗಿ ಅಣೆಕಟ್ಟು, ಗಣಿಗಾರಿಕೆ ಬಗ್ಗೆ ಇರೋ ವರದಿ ಇದು ಅಂತ. ಕೃಷಿಗೆ ಸಂಬಂಧಿಸಿದ ಶಿಫಾರಸುಗಳಿಲ್ಲ ಅಂತ.

ಎರಡು ಪುಟ ತುಂಬಲಿಲ್ಲ ನೋಡಿ, ಅದಕ್ಕೆ ಇನ್ನೊಂದು ಕೆಲಸ ಮಾಡಿದೆ. ಹಳೇ ಪೇಪರ್ ಸುದ್ದಿ ಹುಡುಕಿ "ಘಟ್ಟದ ಸುಮಾರು 37 ಶೇಕಡಾ ಪ್ರದೇಶ ಸೂಕ್ಷ್ಮ" ಅನ್ನೋ ಅಂಕಿ ತಂದು ಅಂಟಿಸಿದೆ. ಇದರ ಕಥೆ ಆಮೇಲೆ ಹೇಳ್ತೀನಿ.

ಕೊನೇಲಿ ಎಲ್ರೂ ಹಾಕೋ ಸಾಲು ಹಾಕಿದೆ: "ಹೆಚ್ಚಿನ ಮಾಹಿತಿಗೆ ಮೂಲ ವರದಿ ನೋಡಿ."

(4)

ಆ ವಾರ ಊರಿಗೆ ಹೋಗಿದ್ದೆ. ಹಜಾರದಲ್ಲಿ ಕೂತು ದೊಡ್ಡಪ್ಪಂಗೆ ಓದಿ ಹೇಳಿದೆ. ಪೂರ್ತಿ ಕೇಳಿಸ್ಕೊಂಡ್ರು. ಕೊನೇಲಿ ಒಂದೇ ಪ್ರಶ್ನೆ: "ಅದೆಲ್ಲ ಸರಿ ಪುಟ್ಟಿ. ತೋಟಕ್ಕೆ ಔಷಧಿ ಹೊಡೆಯೋದು ನಿಲ್ಲಿಸ್ಬೇಕು ಅಂತ ಅದರಲ್ಲಿ ಬರೆದವ್ರೆ ಅಂತಾರಲ್ಲ, ನಿಜಾನಾ?"

"ಇಲ್ಲ ದೊಡ್ಡಪ್ಪ, ಅದೆಲ್ಲ ಸುಮ್ನೆ ಹಬ್ಬಿಸಿರೋದು. ನಾನು ವರದೀನೇ ಓದಿದೀನಲ್ಲ, ಕೃಷಿ ಬಗ್ಗೆ ಒಂದು ಮಾತೂ ಇಲ್ಲ."

ಎಷ್ಟು ಧೈರ್ಯ ನೋಡಿ ನಂದು.

ಅವರು ಅದನ್ನ ಸೊಸೈಟಿ ಹತ್ರ ನಾಲ್ಕು ಜನ ಸೇರಿದ್ದಾಗ ಹೇಳಿದ್ರಂತೆ. "ನಮ್ಮ ಹುಡುಗಿ ವರದಿ ಓದವ್ಳೆ, ಅಂಥದ್ದೇನೂ ಇಲ್ವಂತೆ." ಅಲ್ಲೊಬ್ಬರು ಮೇಷ್ಟ್ರಿದ್ರು, ಅವರ ಮೊಬೈಲಲ್ಲಿ ಪೂರ್ತಿ ವರದಿ ಇತ್ತು. ತೆಗೆದು ತೋರಿಸಿದ್ರು. ಇದೆ. ಕೋಷ್ಟಕ ಮಾಡಿ ಸಾಲು ಸಾಲಾಗಿ ಇದೆ. ರಾಸಾಯನಿಕ ಕೀಟನಾಶಕ, ಕಳೆನಾಶಕಗಳನ್ನ ಹಂತ ಹಂತವಾಗಿ ನಿಲ್ಲಿಸಬೇಕು: ವಲಯ 1ರಲ್ಲಿ 5 ವರ್ಷದೊಳಗೆ, ವಲಯ 2ರಲ್ಲಿ 8, ವಲಯ 3ರಲ್ಲಿ 10.

ದೊಡ್ಡಪ್ಪ ನಂಗೆ ಬೈಲಿಲ್ಲ. ಫೋನ್ ಮಾಡಿ "ಅದರಲ್ಲಿ ಇದೆಯಂತಲ್ಲ ಪುಟ್ಟಿ, ನೀ ಇನ್ನೊಂದ್ಸಲ ನೋಡು" ಅಂದ್ರು ಅಷ್ಟೇ. ಬೈದಿದ್ರೇ ಚೆನ್ನಾಗಿತ್ತು.

ಇಲ್ಲಿ ನನ್ನ ತಪ್ಪು ಏನು ಅಂತ ಸರಿಯಾಗಿ ನೋಡಿ. ಬಂದ 22 ಪುಟವನ್ನ ನಾನು ತಪ್ಪಾಗಿ ಓದಿರಲಿಲ್ಲ. ಅಣೆಕಟ್ಟಿನ ಮಾತು ಸರಿ, ಗುಂಡ್ಯದ ಮಾತು ಸರಿ, ಮೂರು ವಲಯದ್ದೂ ಸರಿ. ತಪ್ಪಾಗಿದ್ದು "ಇಲ್ಲ" ಅನ್ನೋ ಪದ. ಕೈಲಿರೋ ತುಂಡಲ್ಲಿ ಏನಿದೆ ಅಂತ ತುಂಡು ಓದಿ ಹೇಳ್ಬಹುದು. ವರದೀಲಿ ಏನಿಲ್ಲ ಅಂತ ಹೇಳೋಕೆ ಕೊನೇ ಪುಟದವರೆಗೂ ಹೋಗಿರಲೇಬೇಕು. ನಾನು ಎದುರಿಗಿದ್ದ ಒಂದು ರೂಮ್ ನೋಡಿ, ಮನೇಲಿ ಯಾರೂ ಇಲ್ಲ ಅಂತ ಹೇಳಿ ಬಂದಿದ್ದೆ.

(5)

ಮೇಡಂ ಹತ್ರ ಹೋಗಿ ಒಪ್ಕೊಂಡೆ. ಅವರು ಉಳಿದ ಪುಟ ಕೊಡ್ತಾರೆ ಅಂದ್ಕೊಂಡಿದ್ದೆ. ಕೊಡಲಿಲ್ಲ. "ಮೊದಲು ಇದೇ 22 ಪುಟಕ್ಕೆ ಸರಿಯಾದ ಸಾರಾಂಶ ಬರ್ಕೊಂಡು ಬಾ. ನಾಳೆ ಕೆಲಸಕ್ಕೆ ಸೇರಿದ್ಮೇಲೂ ಎಷ್ಟೋ ಸಲ ಪೂರ್ತಿ ಕೈಗೆ ಸಿಗಲ್ಲ, ಆದ್ರೆ ಸಂಜೆಯೊಳಗೆ ಕೊಡ್ಬೇಕಾಗುತ್ತೆ" ಅಂದ್ರು.

ಜೊತೆಗೆ ಕೂತು, ಇದು ಅರ್ಧ ಅಂತ ನಂಗೆ ಎಲ್ಲೆಲ್ಲಿ ಗೊತ್ತಾಗಬೇಕಿತ್ತು ಅಂತ ತೋರಿಸಿದ್ರು. ನಾಚಿಕೆ ಆಗೋ ಅಷ್ಟು ಸುಲಭ.

ಒಂದು, ಕೊನೇ ಪುಟ. ನಾನು ಮೊದಲಿನಿಂದ ಓದ್ತಾ ಬಂದು ಸುಸ್ತಾಗಿ ಕೊನೇ ಪುಟದ ತಳ ನೋಡಿರಲೇ ಇಲ್ಲ. ಅಲ್ಲಿ ವಾಕ್ಯ ಅರ್ಧಕ್ಕೆ ನಿಂತಿತ್ತು. ಪೂರ್ಣವಿರಾಮ ಇಲ್ಲ. ಯಾವ ಸಮಿತಿಯೂ ವಾಕ್ಯದ ಮಧ್ಯೆ ವರದಿ ಮುಗಿಸಲ್ಲ ಅಲ್ವಾ? ಈಗ ನಾನು ಯಾವ ಪಿಡಿಎಫ್ ಬಂದ್ರೂ ಮೊದಲು ಕೊನೇ ಪುಟಕ್ಕೆ ಹೋಗ್ತೀನಿ, ಸಿನಿಮಾ ಕ್ಲೈಮ್ಯಾಕ್ಸ್ ಮೊದಲು ನೋಡೋ ಕೆಟ್ಟ ಅಭ್ಯಾಸದ ಹಾಗೆ.

ಎರಡು, ವಿಷಯಸೂಚಿ. ಇದನ್ನ ನಾವು ಯಾರೂ ಓದಲ್ಲ, ಹಾರಿಸ್ತೀವಿ. ಆದ್ರೆ ಅರ್ಧ ಫೈಲ್ ಬಂದಾಗ ಅದಕ್ಕಿಂತ ಬೆಲೆಬಾಳೋ ಪುಟ ಇನ್ನೊಂದಿಲ್ಲ. ಯಾಕಂದ್ರೆ ಬರದೇ ಇರೋ ಪುಟಗಳ ಬಗ್ಗೆ ನಿಮ್ಮ ಕೈಲಿರೋ ಏಕೈಕ ಸಾಕ್ಷಿ ಅದು. ವಿಷಯಸೂಚೀಲಿ ಕೊಟ್ಟ ಕೊನೇ ಪುಟದ ಸಂಖ್ಯೆ ನೋಡಿ, ಆಮೇಲೆ ಫೈಲ್ ತೋರಿಸೋ ಒಟ್ಟು ಪುಟ ನೋಡಿ. ಅಲ್ಲಿ ಮೂರಂಕಿ, ಇಲ್ಲಿ 22 ಅಂದ್ರೆ ಮುಗೀತು. ಎರಡೂ ಸರಿಯಾಗಿ ತಾಳೆ ಆಗಲ್ಲ ಅಂತ ಗಾಬರಿ ಬೇಡ. ಇಂಥ ವರದಿಗಳಲ್ಲಿ ಮುನ್ನುಡಿ ಭಾಗಕ್ಕೆ ಎಷ್ಟೋ ಸಲ ರೋಮನ್ ಅಂಕಿ ಹಾಕಿರ್ತಾರೆ, 1ನೇ ಪುಟ ಆಮೇಲೆ ಶುರು ಆಗುತ್ತೆ. ಹತ್ತಿಪ್ಪತ್ತು ಪುಟದ ವ್ಯತ್ಯಾಸ ಮಾಮೂಲಿ. ನೂರರ ವ್ಯತ್ಯಾಸ ಮಾಮೂಲಿ ಅಲ್ಲ.

ಮೂರು, ದಾರಿ ತೋರಿಸಿ ಕೈ ಬಿಡೋ ವಾಕ್ಯಗಳು. "ಕೆಳಗಿನ ಕೋಷ್ಟಕದಲ್ಲಿ", "ಅನುಬಂಧದಲ್ಲಿ", "ಮುಂದೆ ವಿವರಿಸಿದಂತೆ" ಅಂತ ಬಂದಾಗಲೆಲ್ಲ ಆ ಕೋಷ್ಟಕ, ಆ ಅನುಬಂಧ ನಿಮ್ಮ ಫೈಲಲ್ಲಿ ಇದೆಯಾ ಅಂತ ಹುಡುಕಿ. ಇಲ್ಲ ಅಂದ್ರೆ ಪೆನ್ಸಿಲಲ್ಲಿ ಒಂದು ಗುರುತು ಹಾಕಿ. ಅರ್ಧ ಗಂಟೇಲಿ ನಿಮ್ಮ ಹತ್ರ ಏನೇನಿಲ್ಲ ಅನ್ನೋ ಪಟ್ಟಿ ತಾನಾಗೇ ತಯಾರಾಗಿರುತ್ತೆ.

(6)

ಈಗ ಆ 37 ಶೇಕಡಾ ಕಥೆ. ನನ್ನ ಪ್ರಕಾರ ಇದೇ ದೊಡ್ಡ ತಪ್ಪು, ಮೇಡಂ ಪ್ರಕಾರವೂ.

ನನ್ನದೇ ಸಾರಾಂಶದಲ್ಲಿ ಮೇಲೆ "ಇಡೀ ಘಟ್ಟ ಸೂಕ್ಷ್ಮ ಪ್ರದೇಶ" ಅಂತಿದೆ, ಕೆಳಗೆ "ಸುಮಾರು 37 ಶೇಕಡಾ" ಅಂತಿದೆ. ಎರಡೂ ಒಂದೇ ವರದೀಲಿ ಹೇಗೆ ಇರೋಕೆ ಸಾಧ್ಯ? ಬರೆದೋಳು ನಾನೇ, ನಂಗೆ ಹೊಳೀಲಿಲ್ಲ. ಆ 37 ಗಾಡ್ಗೀಳ್ ಸಮಿತಿದೇ ಅಲ್ಲ. ಆ ವರದಿಗೆ ವಿರೋಧ ಬಂದ್ಮೇಲೆ ಸಚಿವಾಲಯ ಕಸ್ತೂರಿರಂಗನ್ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ಮಾಡ್ತು, ಅವರು 2013ರಲ್ಲಿ ಕೊಟ್ಟ ಅಂಕಿ ಅದು. ಇಡೀ ಘಟ್ಟ ಬೇಡ, ಸುಮಾರು 37 ಶೇಕಡಾ ಸಾಕು ಅಂದಿದ್ದು ಅವರು. ಅಂದ್ರೆ ಮೊದಲನೇ ವರದಿಯನ್ನ ತಿದ್ದೋಕೆ ಬಂದ ವರದಿಯ ಅಂಕಿಯನ್ನ ನಾನು ಮೊದಲನೇ ವರದಿಯ ಬಾಯಿಗೆ ಹಾಕಿದ್ದೆ.

ಯಾಕೆ ಹೀಗಾಯ್ತು ಗೊತ್ತಾ? ಜಾಗ ಖಾಲಿ ಇತ್ತು. ಖಾಲಿ ಜಾಗ ನೋಡಿದ್ರೆ ಕೈ ಸುಮ್ನಿರಲ್ಲ. ಇನ್ನೆಲ್ಲಿಂದಲೋ ತಂದು ತುಂಬಿಸ್ತೀವಿ, ಓದೋರಿಗೆ ಮಾತ್ರ ಎಲ್ಲಾ ಒಂದೇ ಕಡೆಯಿಂದ ಬಂದ ಹಾಗೆ ಕಾಣುತ್ತೆ. ಸುದ್ದಿಯಿಂದ ತಂದ್ರೆ ತಪ್ಪಲ್ಲ. "ಇದು ವರದಿಯ ಪುಟಗಳಿಂದ ಅಲ್ಲ, ಪತ್ರಿಕೆಯಿಂದ" ಅಂತ ಅದೇ ಸಾಲಲ್ಲಿ ಹೇಳ್ಬೇಕಿತ್ತು. ಹಾಗೆ ಹೇಳೋಕೆ ಹೋಗಿದ್ರೆ ಯಾವ ವರದಿ, ಯಾವ ವರ್ಷ ಅಂತ ನೋಡ್ತಿದ್ದೆ, ತಪ್ಪು ಅಲ್ಲೇ ಸಿಗ್ತಿತ್ತು.

(7)

ಹೊಸದಾಗಿ ಬರೆಯೋಕೆ ಕೂತಾಗ ಮೇಡಂ ಮೊದಲು ನನ್ನ ಹಳೇ ಸಾರಾಂಶದಿಂದ ನಾಲ್ಕು ಪದ ಕಿತ್ತು ಹಾಕಿದ್ರು. "ಇಲ್ಲ" ಹೋಯ್ತು, ಅದರ ಕಥೆ ಗೊತ್ತಲ್ಲ. "ಮುಖ್ಯವಾಗಿ" ಹೋಯ್ತು. ಪೂರ್ತಿ ನೋಡದೆ ಯಾವುದು ಮುಖ್ಯ, ಯಾವುದು ಬದಿಗೆ ಅಂತ ಹೇಗೆ ಗೊತ್ತು? ನಂಗೆ ಅಣೆಕಟ್ಟು ಮುಖ್ಯ ಅನ್ನಿಸಿದ್ದು ಅದು ಮೊದಲು ಬಂತು ಅಂತ. "ಒಟ್ಟಾರೆ" ಹೋಯ್ತು. "ಕೊನೆಯದಾಗಿ ಸಮಿತಿ ಹೇಳುವುದೇನೆಂದರೆ" ಅನ್ನೋದರಲ್ಲಿ "ಕೊನೆಯದಾಗಿ" ಹೋಯ್ತು. ಅದು ನನ್ನ ಫೈಲಿನ ಕೊನೆ, ಸಮಿತಿಯ ಮಾತಿನ ಕೊನೆ ಅಲ್ಲ.

ಆಮೇಲೆ "ವರದಿ ಹೇಳುತ್ತದೆ" ಅಂತ ಇದ್ದ ಕಡೆಯೆಲ್ಲ "ವರದಿಯ ಆರಂಭದ ಸಾರಾಂಶ ಹೇಳುತ್ತದೆ" ಅಂತ ಮಾಡಿಸಿದ್ರು. ನಂಗೆ ಇದು ಸ್ವಲ್ಪ ಅತಿ ಅನ್ನಿಸ್ತು, ಪ್ರತಿ ಸಾಲಲ್ಲೂ ಹೇಳ್ಬೇಕಾ ಅಂದೆ. ಒಂದು ಪ್ಯಾರಾಗೆ ಒಂದ್ಸಲ ಸಾಕು ಅಂತ ರಾಜಿ ಆಯ್ತು. ಆದ್ರೆ ಯಾಕೆ ಬೇಕು ಅಂತ ಆಮೇಲೆ ಅರ್ಥ ಆಯ್ತು. ಸಾರಾಂಶದಲ್ಲಿ ತೀರ್ಮಾನ ಇರುತ್ತೆ, ಅದಕ್ಕಿರೋ ಷರತ್ತು ಒಳಗಿನ ಪುಟಗಳಲ್ಲಿ ಇರುತ್ತೆ. "ವಲಯ" ಅಂತ ಸಾರಾಂಶ ಒಂದು ಪದ ಹೇಳಿದ್ರೆ, ಆ ವಲಯದಲ್ಲಿ ಯಾರು ಏನು ಮಾಡ್ಬಹುದು ಅನ್ನೋದು ಉದ್ದದ ಕೋಷ್ಟಕ. ನಮ್ಮೂರಿನೋರಿಗೆ ಬೇಕಿದ್ದಿದ್ದು ಆ ಕೋಷ್ಟಕ.

(8)

ಕೊರತೆಯನ್ನ ಹೇಳೋದು ಹೇಗೆ ಅನ್ನೋದು ಉಳೀತು. ನನ್ನ ಹಳೇ ಸಾಲು ನೆನಪಿದೆಯಲ್ಲ, "ಹೆಚ್ಚಿನ ಮಾಹಿತಿಗೆ ಮೂಲ ವರದಿ ನೋಡಿ". ಮೇಡಂ ಕೇಳಿದ್ರು, "ಇದನ್ನ ಓದಿದ ನಿಮ್ಮ ದೊಡ್ಡಪ್ಪಂಗೆ ನೀನು 22 ಪುಟ ಮಾತ್ರ ಓದಿದೀಯ ಅಂತ ಗೊತ್ತಾಗುತ್ತಾ?" ಗೊತ್ತಾಗಲ್ಲ. ಆ ಸಾಲು ಪೂರ್ತಿ ಓದಿದೋರೂ ಹಾಕ್ತಾರೆ, ಏನೂ ಓದದೋರೂ ಹಾಕ್ತಾರೆ. "ಕೆಲವು ಪುಟಗಳು ಲಭ್ಯವಾಗಲಿಲ್ಲ" ಅಂತ ಬರೀಲಾ ಅಂದೆ. ಕೆಲವು ಅಂದ್ರೆ ಎಷ್ಟು? ಎರಡಾ? ಇನ್ನೂರಾ? ಮಧ್ಯದ್ದಾ, ಕೊನೇದಾ?

ಮೂರನೇ ಸಲಕ್ಕೆ ಒಪ್ಪಿಗೆ ಆಗಿದ್ದು ಇದು. ಎರಡನೇ ಫೋಟೋದಲ್ಲಿ ಇದೆ, ಓದೋಕೆ ಕಷ್ಟ ಆಗ್ಬಾರದು ಅಂತ ಇಲ್ಲೂ ಹಾಕ್ತೀನಿ:

"ಗಮನಿಸಿ: ಇದು ವರದಿಯ ಒಂದನೇ ಭಾಗದ ಮೊದಲ 22 ಪುಟಗಳ ಸಾರಾಂಶ ಮಾತ್ರ. ನನಗೆ ಬಂದ ಫೈಲ್ 22ನೇ ಪುಟದಲ್ಲಿ ವಾಕ್ಯದ ಮಧ್ಯೆ ನಿಂತಿದೆ. ಒಂದನೇ ಭಾಗದ ಉಳಿದ ಅಧ್ಯಾಯಗಳು, ಅನುಬಂಧಗಳು ಮತ್ತು ಎರಡನೇ ಭಾಗವನ್ನು ನಾನು ನೋಡಿಲ್ಲ. ಪ್ರತಿ ವಲಯದಲ್ಲಿ ಯಾವ ಕೆಲಸಕ್ಕೆ ಅವಕಾಶ, ಯಾವುದಕ್ಕೆ ಇಲ್ಲ ಎಂಬ ವಿವರ ಆ ಪುಟಗಳಲ್ಲಿದೆ. ಆದ್ದರಿಂದ ಕೃಷಿ, ಔಷಧಿ ಸಿಂಪಡಣೆ, ಜಮೀನು, ಮನೆ ಕಟ್ಟುವುದು ಇವುಗಳ ಬಗ್ಗೆ ವರದಿ ಏನು ಹೇಳುತ್ತದೆ ಎಂದು ಈ ಸಾರಾಂಶದಿಂದ ತಿಳಿಯುವುದಿಲ್ಲ."

ಕೊನೇ ವಾಕ್ಯಕ್ಕೆ ಜಾಸ್ತಿ ಹೊತ್ತು ಹಿಡೀತು. ಪುಟದ ಲೆಕ್ಕ ಹೇಳೋದು ಸುಲಭ. ಆದ್ರೆ ಓದೋರು ಪುಟದ ಲೆಕ್ಕ ಕೇಳಲ್ಲ, ಅವರ ಪ್ರಶ್ನೆಗೆ ಉತ್ತರ ಇದರಲ್ಲಿ ಇದೆಯಾ ಇಲ್ವಾ ಅಂತ ಕೇಳ್ತಾರೆ. ಹಾಗಾಗಿ ನೀವು ಯಾರಿಗೋಸ್ಕರ ಬರೀತಿದ್ದೀರೋ ಅವರು ಏನು ಕೇಳ್ಬಹುದು ಅಂತ ಯೋಚಿಸಿ, ಅದರಲ್ಲಿ ಯಾವುದಕ್ಕೆ ಉತ್ತರ ಕೊಡೋಕಾಗಲ್ಲ ಅಂತ ಹೆಸರು ಹಿಡಿದು ಬರೀಬೇಕು. ಇದೇ ಸಾರಾಂಶ ಅಣೆಕಟ್ಟಿನ ಬಗ್ಗೆ ಓದ್ತಿರೋ ನಮ್ಮ ಕ್ಲಾಸಿನೋರಿಗೆ ಆಗಿದ್ರೆ ಆ ಸಾಲಲ್ಲಿ ಔಷಧಿ ಬದಲು ಗುಂಡ್ಯ ಯೋಜನೆಯ ವಿವರವಾದ ಅಧ್ಯಯನ ನೋಡಿಲ್ಲ ಅಂತ ಬರ್ತಿತ್ತು.

ಇನ್ನು ಎಲ್ಲಿ ಹಾಕೋದು? ಎಲ್ಲಕ್ಕಿಂತ ಮೇಲೆ, ಮೊದಲನೇ ಸಾಲಿಗೂ ಮುಂಚೆ. ಕೊನೇಲಿ ಹಾಕಿದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಫಾರ್ವರ್ಡ್ ಮಾಡೋರು ಸ್ಕ್ರೀನ್‌ಶಾಟ್ ತೆಗೀತಾರೆ, ಕೊನೇದು ಕಟ್ ಆಗುತ್ತೆ, ನಿಮ್ಮ ಅರ್ಧ ಸಾರಾಂಶ ಊರೆಲ್ಲ ಪೂರ್ತಿ ವರದಿ ಅಂತ ಓಡಾಡುತ್ತೆ. ಅದಕ್ಕೇ ಶೀರ್ಷಿಕೆಯಲ್ಲೇ "ಮೊದಲ 22 ಪುಟ" ಅಂತ ಸೇರಿಸಿದ್ವಿ. ಸ್ಲೈಡ್ ಮಾಡಿ ಪೋಸ್ಟ್ ಹಾಕೋರು ಪ್ರತಿ ಸ್ಲೈಡಿನ ಮೂಲೇಲಿ ಅದನ್ನ ಚಿಕ್ಕದಾಗಿ ಹಾಕಿ. ಚೆನ್ನಾಗಿ ಕಾಣಲ್ಲ, ಇರ್ಲಿ.

(9)

ಒಂದು ಕಿರಿಕಿರಿ ಹೇಳ್ತೀನಿ. ಆ ಗಮನಿಸಿ ಸಾಲು ಹಾಕಿದ್ಮೇಲೆ ನನ್ನ ಸಾರಾಂಶ ಎರಡು ಪುಟದಿಂದ ಒಂದು ಪುಟಕ್ಕೆ ಇಳೀತು. ಊಹೆ ಹೋಯ್ತು, ಅಂಟಿಸಿದ್ದು ಹೋಯ್ತು, ಉಳಿದಿದ್ದು ಅಷ್ಟೇ. ಸೆಮಿನಾರಲ್ಲಿ ಬೇರೆಯವರೆಲ್ಲ ಎರಡೆರಡು ಪುಟ ಹಿಡ್ಕೊಂಡು ಬಂದಾಗ ನಂಗೆ ಕೀಳರಿಮೆ. ಈಗಲೂ ಸ್ವಲ್ಪ ಇದೆ, ಸುಳ್ಳು ಹೇಳಲ್ಲ.

ಫ್ರೆಂಡಿಗೆ ಕಳಿಸಿದ ಮೆಸೇಜ್ ಕೂಡ ಹೇಳ್ತೀನಿ, ಯಾಕಂದ್ರೆ ಮೊದಲು "ಲೋ ಫೈಲ್ ಸರಿಯಾಗಿ ಬಂದಿಲ್ಲ" ಅಂತ ಹಾಕಿದ್ದೆ, ಅವನು ಅದೇ ಮೊದಲನೇ ತುಂಡನ್ನ ಮತ್ತೆ ಕಳಿಸಿದ್ದ! ಎರಡನೇ ಸಲ ಹೀಗೆ ಹಾಕಿದೆ: "ನಂಗೆ ಬಂದಿರೋದು WGEEP_1.pdf ಒಂದೇ, 22 ಪುಟ, ಕೊನೇ ವಾಕ್ಯ ಅರ್ಧಕ್ಕೆ ನಿಂತಿದೆ. ಅದರ ಮುಂದಿನ ಪುಟದಿಂದ ಕಳಿಸು. ಒಟ್ಟು ಎಷ್ಟು ತುಂಡು ಅಂತಾನೂ ಹೇಳು." ಹತ್ತು ನಿಮಿಷಕ್ಕೆ ಫೋನ್ ಬಂತು, "ಅಯ್ಯೋ ಔಟ್‌ಬಾಕ್ಸಲ್ಲೇ ಇದೆ ಕಣೇ" ಅಂತ.

ಪೂರ್ತಿ ಬಂದ್ಮೇಲೆ ಆ ಕೋಷ್ಟಕದ ಪುಟಗಳನ್ನ ಮೊದಲು ಓದಿದೆ. ಔಷಧಿ ಸಾಲಿನ ಅಕ್ಕಪಕ್ಕ ಇನ್ನೂ ಇತ್ತು. 30 ಶೇಕಡಾಗಿಂತ ಕಡಿದಾದ ಇಳಿಜಾರಲ್ಲಿ ವರ್ಷ ವರ್ಷ ಉತ್ತು ಬಿತ್ತೋ ಬೆಳೆ ಬೇಡ, ಬಹುವಾರ್ಷಿಕ ಬೆಳೆ ಇರಲಿ ಅಂತ. ಸಾವಯವ ಕೃಷಿಗೆ ಪ್ರೋತ್ಸಾಹ ಕೊಡಿ, ನಾಟಿ ದನ ಸಾಕೋರಿಗೆ ಹಣ ಕೊಡಿ ಅಂತ. ವಲಯಗಳ ಗಡಿಯನ್ನ ಗ್ರಾಮಸಭೆಗಳ ಜೊತೆ ಚರ್ಚೆ ಮಾಡಿಯೇ ಅಂತಿಮ ಮಾಡ್ಬೇಕು ಅಂತ. ಇದೆಲ್ಲ ಸಮಿತಿಯ ಶಿಫಾರಸು, ಕಾನೂನಲ್ಲ ಅನ್ನೋದನ್ನೂ ದಪ್ಪಕ್ಷರದಲ್ಲಿ ಬರ್ಕೊಂಡೆ. ಒಪ್ಪೋದು ಬಿಡೋದು ಆಮೇಲಿನ ಮಾತು. ನಮ್ಮೂರಲ್ಲಿ ಎಷ್ಟೋ ಜನ ಒಪ್ಪಲ್ಲ, ಅವರ ಕಾರಣಗಳೂ ಇವೆ.

ಪ್ರಿಂಟ್ ತೆಗೆಸ್ಕೊಂಡು ಊರಿಗೆ ಹೋದೆ. ದೊಡ್ಡಪ್ಪ ಕನ್ನಡಕ ಹಾಕ್ಕೊಂಡು ಕೂತ್ರು. ಮೊದಲೇ ಹೇಳಿದೆ, "ಹೋದ ಸಲ ಓದಿದ್ದು ಮೊದಲಿನ 22 ಪುಟ ಮಾತ್ರ ದೊಡ್ಡಪ್ಪ. ಈಗ ಒಂದನೇ ಭಾಗ ಪೂರ್ತಿ ಓದಿದೀನಿ. ಎರಡನೇ ಭಾಗ ಇನ್ನೂ ಇಲ್ಲ." 30 ಶೇಕಡಾ ಇಳಿಜಾರು ಅಂದ್ರೆ ಎಷ್ಟು ಅಂತ ಕೇಳಿದ್ರು. ನೂರಡಿ ಮುಂದೆ ಹೋದ್ರೆ ಮೂವತ್ತಡಿ ಏರೋದು ಅಂದೆ. ಕಿಟಕಿಯಿಂದ ಆಚೆ ಮೇಲಿನ ತೋಟದ ಕಡೆ ನೋಡಿ ಏನೋ ಲೆಕ್ಕ ಹಾಕಿದ್ರು. ಅಲ್ಲಿರೋದು ಕಾಫಿ, ಮೆಣಸು. ಅಂದ್ರೆ ಬಹುವಾರ್ಷಿಕವೇ.

ಆಮೇಲೆ ಕೇಳಿದ್ರು, "ಆನೆ ಕಾಟದ ಬಗ್ಗೆ ಎರಡನೇ ಭಾಗದಲ್ಲಿ ಏನಾದ್ರೂ ಬರೆದವ್ರಾ?"

"ಆ ಭಾಗ ಓದಿಲ್ಲ ದೊಡ್ಡಪ್ಪ. ಇದೆಯೋ ಇಲ್ವೋ ಗೊತ್ತಿಲ್ಲ. ಓದಿ ಭಾನುವಾರ ಫೋನ್ ಮಾಡ್ತೀನಿ."

"ಹ್ಞೂಂ" ಅಂದು ಹಾಳೆ ಮಡಚಿ ಜೇಬಲ್ಲಿ ಇಟ್ಕೊಂಡ್ರು.